20 ಕಿಲೋಮೀಟರ್‌ಗೆ 50 ಮೆಗಾಜೂಲ್: ನಿಮ್ಮ ಕಾರಿನ ಪೆಟ್ರೋಲ್ ಎಲ್ಲಿ ಹೋಗುತ್ತದೆ ಅಂತ ಲೆಕ್ಕ ಹಾಕುವ ಬಗೆ

ಪೆಟ್ರೋಲ್ ಕಾರು ತಾನು ಕುಡಿಯುವುದರಲ್ಲಿ ಕಾಲು ಭಾಗವನ್ನೂ ಚಕ್ರಕ್ಕೆ ಕೊಡುವುದಿಲ್ಲ ಅನ್ನುವ ಮಾತು ನೀವು ಕೇಳಿರುತ್ತೀರಿ. ಯಾಕೆ ಅಂತ ಕೇಳಿದರೆ ಬರುವ ಉತ್ತರವೂ ಗೊತ್ತು: "ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮ, ಏನೂ ಮಾಡಕ್ಕಾಗಲ್ಲ." ಈ ಉತ್ತರ ಅರ್ಧ ಮಾತ್ರ ನಿಜ. ಕೆಲವು ನಷ್ಟಕ್ಕೆ ಎರಡನೇ ನಿಯಮವೇ ಕಾರಣ. ಕೆಲವಕ್ಕೆ ಎಂಜಿನ್‌ನ ವಿನ್ಯಾಸ ಕಾರಣ. ಇನ್ನು ಕೆಲವಕ್ಕೆ ಸಿಗ್ನಲ್ ಮತ್ತು ನಮ್ಮ ಬಲಗಾಲು ಕಾರಣ. ಇವನ್ನು ಬೇರೆ ಬೇರೆ ಮಾಡಿ ನೋಡಬೇಕಾದರೆ ಒಂದು ಪ್ರಯಾಣವನ್ನು ತೆಗೆದುಕೊಂಡು ಲೆಕ್ಕ ಹಾಕಬೇಕು. ಹೈಸ್ಕೂಲ್ ಭೌತಶಾಸ್ತ್ರ ಮತ್ತು ಒಂದು ಕ್ಯಾಲ್ಕ್ಯುಲೇಟರ್ ಸಾಕು.

ಪ್ರಯಾಣ ಇದು: ಬನಶಂಕರಿಯಿಂದ ಮಾನ್ಯತಾ ಟೆಕ್ ಪಾರ್ಕ್, ಸುಮಾರು 20 ಕಿಲೋಮೀಟರ್. ಕಾರು 1.2 ಲೀಟರ್ ಎಂಜಿನ್‌ನ ಮ್ಯಾನ್ಯುಯಲ್ ಹ್ಯಾಚ್‌ಬ್ಯಾಕ್. ಒಳಗೆ ಒಬ್ಬರು, ಒಟ್ಟು ತೂಕ 1000 ಕೆಜಿ. ಹಿಡಿದ ಸಮಯ 65 ನಿಮಿಷ, ಅದರಲ್ಲಿ 20 ನಿಮಿಷ ನಿಂತಲ್ಲೇ ನಿಂತದ್ದು. ಸದ್ಯಕ್ಕೆ ಎಸಿ ಇಲ್ಲ. ನಿಮ್ಮ ಕಾರಿಗೆ, ನಿಮ್ಮ ದಾರಿಗೆ ಅಂಕಿ ಬದಲಾಗುತ್ತದೆ, ವಿಧಾನ ಇದೇ.

ಹಂತ 1: ಒಳಗೆ ಬಂದ ಶಕ್ತಿ ಎಷ್ಟು?

ಮೊದಲು ನಿಜವಾದ ಮೈಲೇಜ್ ಬೇಕು. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಓಡೋಮೀಟರ್ ಬರೆದಿಟ್ಟುಕೊಳ್ಳಿ. ಮತ್ತೆ ಅದೇ ಬಂಕ್‌ನಲ್ಲಿ, ಸಾಧ್ಯವಾದರೆ ಅದೇ ಪಂಪ್‌ನಲ್ಲಿ, ಫುಲ್ ಮಾಡಿಸಿ ಲೀಟರ್ ನೋಡಿ. ಎರಡೂ ಸಲ ನಾಝಲ್ ತಾನಾಗಿ ಕಟ್ ಆದ ತಕ್ಷಣ ನಿಲ್ಲಿಸಲು ಹೇಳಿ. "ರೌಂಡ್ ಫಿಗರ್ ಮಾಡ್ಲಾ ಸಾರ್?" ಅಂದರೆ ಬೇಡ ಅನ್ನಿ. ಅರ್ಧ ಲೀಟರ್ ಆಚೀಚೆ ಆಗುವುದು ತೀರಾ ಸುಲಭ. ಐದು ಲೀಟರ್ ಖರ್ಚಿನ ಮೇಲೆ ಅರ್ಧ ಲೀಟರ್ ತಪ್ಪಿದರೆ ಹತ್ತು ಪರ್ಸೆಂಟ್ ತಪ್ಪು. ಆದ್ದರಿಂದ ಕನಿಷ್ಠ 20 ಲೀಟರ್ ಖರ್ಚಾಗುವವರೆಗೆ ಕಾಯಿರಿ.

ನಮ್ಮ ಉದಾಹರಣೆಗೆ ಲೀಟರಿಗೆ 12 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. 20 ಕಿಲೋಮೀಟರ್‌ಗೆ 1.67 ಲೀಟರ್ ಆಯಿತು. ಶುದ್ಧ ಪೆಟ್ರೋಲ್‌ನ ಒಂದು ಲೀಟರ್ ಸುಟ್ಟರೆ ಸುಮಾರು 32 ಮೆಗಾಜೂಲ್ ಬರುತ್ತದೆ. ಎಥನಾಲ್‌ನಲ್ಲಿ ಬರುವುದು ಸುಮಾರು 21 ಮಾತ್ರ. 20% ಎಥನಾಲ್ ಬೆರೆತ ಪೆಟ್ರೋಲ್‌ಗೆ ಲೀಟರಿಗೆ ಸುಮಾರು 30 ಮೆಗಾಜೂಲ್ ಲೆಕ್ಕ. ಅಲ್ಲಿಗೆ ಈ ಪ್ರಯಾಣದ ಬಜೆಟ್ 50 ಮೆಗಾಜೂಲ್. ಬೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಹೇಳಿದರೆ ಹತ್ತಿರ ಹತ್ತಿರ 14 ಯೂನಿಟ್.

ಹಂತ 2: ಚಕ್ರಕ್ಕೆ ನಿಜವಾಗಿ ಬೇಕಾದದ್ದು ಎಷ್ಟು?

ಈಗ ಇನ್ನೊಂದು ತುದಿಯಿಂದ ಬರೋಣ. ಕಾರನ್ನು ಸಾಗಿಸಲು ಮೂರು ಖರ್ಚುಗಳಿವೆ: ಟೈರ್ ಉರುಳುವ ಪ್ರತಿರೋಧ, ಗಾಳಿಯ ತಡೆ, ಬ್ರೇಕ್.

```
ಟೈರ್  : F = 0.012 × m × 9.81
ಗಾಳಿ  : F = 0.5 × 1.06 × 0.7 × v²
ಬ್ರೇಕ್ : E = 0.5 × m × v²   (ಪ್ರತಿ ನಿಲುಗಡೆಗೆ)
```

ಟೈರಿನ 0.012 ಎಂಬುದು ಸರಿಯಾಗಿ ಗಾಳಿ ತುಂಬಿದ ಸಾಮಾನ್ಯ ಟೈರ್, ಸಾಮಾನ್ಯ ಡಾಂಬರು ರಸ್ತೆಗೆ ಹೊಂದುವ ಅಂಕಿ. 1000 ಕೆಜಿಗೆ 118 ನ್ಯೂಟನ್ ಆಗುತ್ತದೆ. 20 ಕಿಲೋಮೀಟರ್‌ಗೆ ಸುಮಾರು 2.4 ಮೆಗಾಜೂಲ್.

ಗಾಳಿಯ ಸೂತ್ರದಲ್ಲಿರುವ 1.06 ನೋಡಿ. ಪುಸ್ತಕಗಳಲ್ಲಿ ಗಾಳಿಯ ಸಾಂದ್ರತೆ 1.2 ಅಂತಿರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ಹತ್ತು ಪರ್ಸೆಂಟಿಗಿಂತ ಜಾಸ್ತಿ ತೆಳು. ಮಂಗಳೂರಿಗಿಂತ ನಮ್ಮಲ್ಲಿ ಗಾಳಿಯ ತಡೆ ಅಷ್ಟು ಕಡಿಮೆ. 0.7 ಎಂಬುದು ಕಾರಿನ ಎದುರಿನ ವಿಸ್ತೀರ್ಣವನ್ನು ಅದರ ಡ್ರ್ಯಾಗ್ ಗುಣಾಂಕದಿಂದ ಗುಣಿಸಿದ್ದು. ಓಡುವಾಗಿನ ವೇಗ ಗಂಟೆಗೆ 40 ಕಿಲೋಮೀಟರ್ ಎಂದುಕೊಂಡರೆ, ಅಂದರೆ ಸೆಕೆಂಡಿಗೆ 11.1 ಮೀಟರ್, ಗಾಳಿಯ ತಡೆ 46 ನ್ಯೂಟನ್. ಇಡೀ ದಾರಿಗೆ 0.9 ಮೆಗಾಜೂಲ್ ಅಷ್ಟೇ. ಏರ್‌ಪೋರ್ಟ್ ರಸ್ತೆಯಲ್ಲಿ 80ರಲ್ಲಿ ಹೋದರೆ ಇದು ನಾಲ್ಕು ಪಟ್ಟು ಆಗುತ್ತದೆ, ಆದರೆ ಊರೊಳಗೆ ಗಾಳಿ ದೊಡ್ಡ ಶತ್ರು ಅಲ್ಲ.

ಬ್ರೇಕ್ ದೊಡ್ಡ ಶತ್ರು. 40ರ ವೇಗದಲ್ಲಿ ಈ ಕಾರಿನಲ್ಲಿ 62 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಪೂರ್ತಿ ನಿಲ್ಲಿಸುವಾಗ ಅದರಲ್ಲಿ ಎಂಟು ಕಿಲೋಜೂಲ್‌ನಷ್ಟು ಟೈರ್ ಮತ್ತು ಗಾಳಿಗೆ ಹೋಗುತ್ತದೆ. ಅದನ್ನು ಮೇಲೆ ಆಗಲೇ ಲೆಕ್ಕ ಹಿಡಿದಿದ್ದೇವೆ. ಉಳಿದ 54 ಡಿಸ್ಕ್ ಮತ್ತು ಡ್ರಮ್‌ನಲ್ಲಿ ಬಿಸಿಯಾಗುತ್ತದೆ. ಈ ದಾರಿಯಲ್ಲಿ 50 ಸಲ ಹಾಗೆ ನಿಂತರೆ 2.7 ಮೆಗಾಜೂಲ್. ಟೈರಿನ ಖರ್ಚಿಗಿಂತ ಬ್ರೇಕಿನ ಖರ್ಚೇ ಜಾಸ್ತಿ ಆಯಿತು, ಅಲ್ವಾ? ಏರಿಳಿತದ ಲೆಕ್ಕ ಬಿಟ್ಟಿದ್ದೇನೆ. ಎರಡು ತುದಿಗಳ ಮಟ್ಟದಲ್ಲಿ 20 ಮೀಟರ್ ವ್ಯತ್ಯಾಸವಿದ್ದರೂ ಆಗುವುದು 0.2 ಮೆಗಾಜೂಲ್ ಮಾತ್ರ.

ಮೂರನ್ನೂ ಕೂಡಿಸಿದರೆ 6 ಮೆಗಾಜೂಲ್. 50 ಕೊಟ್ಟು 6 ಪಡೆದೆವು. ಹನ್ನೆರಡು ಪರ್ಸೆಂಟ್.

ಹಂತ 3: 118 ನ್ಯೂಟನ್ ನಿಜವೇ ಅಂತ ರಸ್ತೆಯಲ್ಲಿ ನೋಡಿ

ಇಲ್ಲಿಯವರೆಗಿನದು ಪುಸ್ತಕದ ಅಂಕಿ. ನಿಮ್ಮ ಕಾರಿನ ಅಂಕಿ ಬೇಕಾದರೆ ಕೋಸ್ಟ್‌ಡೌನ್ ಮಾಡಬೇಕು, ಅಂದರೆ ಕಾರನ್ನು ತಾನಾಗಿ ಉರುಳಲು ಬಿಟ್ಟು ವೇಗ ಹೇಗೆ ಇಳಿಯುತ್ತದೆ ಅಂತ ಅಳೆಯಬೇಕು. ಓಡಾಟವೇ ಇಲ್ಲದ, ನೇರವಾದ, ಹಂಪ್ ಇಲ್ಲದ ರಸ್ತೆ ಬೇಕು. ಊರಾಚೆಯ ಹೊಸ ಲೇಔಟ್‌ನಲ್ಲಿ ಭಾನುವಾರ ಬೆಳಗ್ಗೆ ಸಿಗಬಹುದು. ಸಿಗದಿದ್ದರೆ ಈ ಹಂತ ಬಿಟ್ಟುಬಿಡಿ, ವಾಹನ ಓಡಾಡುವ ರಸ್ತೆಯಲ್ಲಿ ಮಾತ್ರ ಬೇಡ. ಎಂಜಿನ್ ಆಫ್ ಮಾಡಬಾರದು, ಮಾಡಿದರೆ ಪವರ್ ಸ್ಟೀರಿಂಗ್ ಮತ್ತು ಬ್ರೇಕ್ ಬೂಸ್ಟರ್ ಎರಡೂ ಕೈಕೊಡುತ್ತವೆ. ಟೈರ್ ಬಿಸಿಯಾಗಲು ಮೊದಲು ಹದಿನೈದು ನಿಮಿಷ ಓಡಿಸಿ.

50ಕ್ಕೆ ಹೋಗಿ, ನ್ಯೂಟ್ರಲ್ ಮಾಡಿ. 40ರಿಂದ 20ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಆಯಿತು ಅಂತ ಪಕ್ಕದಲ್ಲಿ ಕೂತವರು ಅಳೆಯಲಿ. ಸ್ಪೀಡೋಮೀಟರ್ ಬದಲು ಫೋನಿನ ಜಿಪಿಎಸ್ ವೇಗ ನೋಡುವುದು ಒಳ್ಳೆಯದು. ಪೂರ್ತಿ ಸಮತಟ್ಟಾದ ರಸ್ತೆಯಲ್ಲಿ ನಮ್ಮ ಕಾರಿಗೆ ಸುಮಾರು 39 ಸೆಕೆಂಡ್ ಬರಬೇಕು, 300 ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಬೇಕು.

ತೊಂದರೆ ಏನೆಂದರೆ, ಬೆಂಗಳೂರಿನಲ್ಲಿ ಪೂರ್ತಿ ಸಮತಟ್ಟಾದ ರಸ್ತೆ ಅಂತ ಇಲ್ಲ. ಕಣ್ಣಿಗೇ ಕಾಣದ ಇಳಿಜಾರು, ನೂರು ಮೀಟರಿಗೆ ಅರ್ಧ ಮೀಟರ್, 49 ನ್ಯೂಟನ್ ಸೇರಿಸುತ್ತದೆ ಅಥವಾ ಕಳೆಯುತ್ತದೆ. ಆದ್ದರಿಂದ ಎರಡೂ ದಿಕ್ಕಿನಲ್ಲಿ ಅಳೆಯಲೇಬೇಕು. ಏರಿನಲ್ಲಿ 29 ಸೆಕೆಂಡ್, ಇಳಿಕೆಯಲ್ಲಿ 58 ಸೆಕೆಂಡ್ ಬಂತು ಅನ್ನಿ. ತುಂಬಾ ಜನ ಇವೆರಡರ ಸರಾಸರಿ 43.5 ತೆಗೆದುಕೊಳ್ಳುತ್ತಾರೆ. ಅದು ತಪ್ಪು. ಬಲಕ್ಕೆ ನೇರ ಸಂಬಂಧ ಇರುವುದು ಸಮಯಕ್ಕಲ್ಲ, ವೇಗ ಇಳಿಯುವ ದರಕ್ಕೆ. 40ರಿಂದ 20ಕ್ಕೆ ಇಳಿದದ್ದು ಅಂದರೆ ಸೆಕೆಂಡಿಗೆ 5.56 ಮೀಟರ್. ಪ್ರತಿ ದಿಕ್ಕಿಗೂ ಮೊದಲು ದರ ಕಂಡುಹಿಡಿದು, ಆಮೇಲೆ ಸರಾಸರಿ ತೆಗೆಯಿರಿ:

```
5.56 / 29 = 0.192
5.56 / 58 = 0.096
ಸರಾಸರಿ   = 0.144 m/s²  →  1000 × 0.144 = 144 N
```

ಸಮಯದ ಸರಾಸರಿಯಿಂದ ಬಂದಿದ್ದರೆ 128 ನ್ಯೂಟನ್ ಸಿಗುತ್ತಿತ್ತು, ನಿಮ್ಮ ಕಾರು ಇರುವುದಕ್ಕಿಂತ ಹಗುರವಾಗಿ ಉರುಳುತ್ತದೆ ಅನಿಸುತ್ತಿತ್ತು. 144ರಲ್ಲಿ 30ರ ವೇಗದ ಗಾಳಿಯ ತಡೆ 26 ಕಳೆದರೆ 118, ಟೈರಿನದು. ನಿಮಗೆ 150 ದಾಟಿದರೆ ಟೈರಿನ ಗಾಳಿ ನೋಡಿ. ಒಂದು ಚಕ್ರದ ಹತ್ತಿರ ಮಾತ್ರ ಬಿಸಿ ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಂತ ಅರ್ಥ.

ಹಂತ 4: ಮಧ್ಯದಲ್ಲಿ ಹೋದ 44 ಮೆಗಾಜೂಲ್

ಸುಲಭದ್ದು ಮೊದಲು. ಬಿಸಿಯಾದ 1.2 ಲೀಟರ್ ಎಂಜಿನ್ ನಿಂತಲ್ಲಿ ಗಂಟೆಗೆ ಸುಮಾರು 0.6 ಲೀಟರ್ ಕುಡಿಯುತ್ತದೆ. 20 ನಿಮಿಷಕ್ಕೆ 0.2 ಲೀಟರ್, ಅಂದರೆ 6 ಮೆಗಾಜೂಲ್. ಇಡೀ ಕಾರನ್ನು ಬನಶಂಕರಿಯಿಂದ ಮಾನ್ಯತಾಗೆ ಸಾಗಿಸಲು ಚಕ್ರಕ್ಕೆ ಬೇಕಾದಷ್ಟನ್ನೇ ಸುಮ್ನೆ ನಿಂತು ಸುಟ್ಟೆವು.

ಗೇರ್‌ಬಾಕ್ಸ್ ಮತ್ತು ಬೇರಿಂಗ್‌ಗಳಿಗೆ 0.5. ಆಲ್ಟರ್ನೇಟರ್, ವಾಟರ್ ಪಂಪ್ ಇತ್ಯಾದಿಗೆ, ಓಡುವಾಗ, 1.

ಮುಂದಿನದು ಎಂಜಿನ್ ಒಳಗಿನ ಘರ್ಷಣೆ ಮತ್ತು ಉಸಿರಾಟದ ಖರ್ಚು. 40ರಲ್ಲಿ ಒಂದೇ ಸಮನೆ ಹೋಗಲು ಈ ಕಾರಿಗೆ ಬೇಕಾದದ್ದು 1.8 ಕಿಲೋವ್ಯಾಟ್ ಮಾತ್ರ, ಒಂದು ದೊಡ್ಡ ಗೀಸರ್‌ನಷ್ಟು. ಎಂಜಿನ್ ಕೊಡಬಲ್ಲದ್ದು ಸುಮಾರು 60. ಅಷ್ಟು ದೊಡ್ಡ ಎಂಜಿನ್‌ನಿಂದ ಇಷ್ಟು ಕಡಿಮೆ ತೆಗೆಯಬೇಕಾದರೆ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರಬೇಕು. ಪಿಸ್ಟನ್ ಪ್ರತಿ ಸಲವೂ ಆ ಸಣ್ಣ ಸಂದಿಯಿಂದ ಗಾಳಿ ಎಳೆದುಕೊಳ್ಳಲು ಒದ್ದಾಡುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಅಗ್ಗದ ಬ್ಲೂಟೂತ್ ಅಡಾಪ್ಟರ್ ಹಾಕಿ, ಫೋನ್ ಆ್ಯಪ್‌ನಲ್ಲಿ `Intake Manifold Pressure` ತೆರೆಯಿರಿ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದರೆ 91 kPa ಆಸುಪಾಸು ತೋರಿಸುತ್ತದೆ. ಅದು ಬೆಂಗಳೂರಿನ ಗಾಳಿಯ ಒತ್ತಡ. ಸ್ಟಾರ್ಟ್ ಮಾಡಿದ ಕೂಡಲೇ 30–35ಕ್ಕೆ ಬೀಳುತ್ತದೆ. ಆ ಎರಡು ಅಂಕಿಗಳ ನಡುವಿನ ಅಂತರದ ವಿರುದ್ಧವೇ ಪಿಸ್ಟನ್ ಎಳೆಯುತ್ತಿರುವುದು. ಆಕ್ಸಿಲರೇಟರ್ ಒತ್ತಿ ಏರು ಹತ್ತುವಾಗ ಅಂತರ ಕಡಿಮೆಯಾಗುವುದನ್ನೂ ನೋಡಬಹುದು. ಕೆಲವು ಕಾರುಗಳಲ್ಲಿ ಈ ಸೆನ್ಸರ್ ಇರುವುದಿಲ್ಲ, ಆಗ ಆ ಸಾಲು ಖಾಲಿ ಬರುತ್ತದೆ.

ಸರಾಸರಿ 1800 ಆರ್‌ಪಿಎಂನಲ್ಲಿ ಈ ಗಾತ್ರದ ಎಂಜಿನ್‌ಗೆ ಘರ್ಷಣೆ ಮತ್ತು ಉಸಿರಾಟ ಸೇರಿ 2.8 ಕಿಲೋವ್ಯಾಟ್ ಹತ್ತಿರ ಆಗುತ್ತದೆ. ಓಡಿದ 45 ನಿಮಿಷಕ್ಕೆ 7.5 ಮೆಗಾಜೂಲ್.

ಉಳಿದದ್ದು 29. ಅದು ನೇರವಾಗಿ ಶಾಖ. ಸುಮಾರು 14 ರೇಡಿಯೇಟರ್ ಕಡೆಗೆ, 15 ಸೈಲೆನ್ಸರ್ ಕಡೆಗೆ.

| ಎಲ್ಲಿ | ಮೆಗಾಜೂಲ್ |
|---|---|
| ಟೈರ್ | 2.4 |
| ಗಾಳಿ | 0.9 |
| ಬ್ರೇಕ್ | 2.7 |
| ಗೇರ್‌ಬಾಕ್ಸ್ | 0.5 |
| ಆಲ್ಟರ್ನೇಟರ್ ಇತ್ಯಾದಿ | 1 |
| ಎಂಜಿನ್ ಘರ್ಷಣೆ, ಉಸಿರಾಟ | 7.5 |
| ನಿಂತಲ್ಲಿ ಉರಿದದ್ದು | 6 |
| ಕೂಲೆಂಟ್‌ಗೆ ಶಾಖ | 14 |
| ಹೊಗೆಯಲ್ಲಿ ಶಾಖ | 15 |

ಹಂತ 5: ಇದರಲ್ಲಿ ಎರಡನೇ ನಿಯಮದ ಪಾಲು ಯಾವುದು?

ಮೊದಲನೇ ನಿಯಮ ಮೊತ್ತವನ್ನು ಮಾತ್ರ ನೋಡುತ್ತದೆ: 50 ಬಂತು, 50 ಹೋಯಿತು. ಎರಡನೇ ನಿಯಮ ಗುಣಮಟ್ಟ ನೋಡುತ್ತದೆ. ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿದರೆ ಶಾಖ ಎಲ್ಲಿಗೂ ಹೋಗಿಲ್ಲ, ಎಲ್ಲ ಬಕೆಟ್‌ನಲ್ಲೇ ಇದೆ. ಆದರೆ ಆ ನೀರಿನಿಂದ ಇನ್ನು ಅಕ್ಕಿ ಬೇಯುವುದಿಲ್ಲ. ಕಾರಿನಲ್ಲೂ ಶಕ್ತಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ.

ಮೊದಲ ಮೆಟ್ಟಿಲು ಉರಿಯುವುದೇ. ಪೆಟ್ರೋಲ್‌ನ ರಾಸಾಯನಿಕ ಶಕ್ತಿ ತುಂಬಾ ಉತ್ತಮ ದರ್ಜೆಯದು. ತತ್ವದ ಪ್ರಕಾರ ಅದನ್ನು ಹೆಚ್ಚುಕಡಿಮೆ ಪೂರ್ತಿ ಕೆಲಸವಾಗಿ ಬದಲಿಸಬಹುದು. ಆದರೆ ಕಿಡಿ ಹಾರಿಸಿ ಒಮ್ಮೆಲೇ ಸುಟ್ಟಾಗ ಅದು ಬಿಸಿ ಅನಿಲದ ಅಡ್ಡಾದಿಡ್ಡಿ ಓಡಾಟವಾಗುತ್ತದೆ. ಅಲ್ಲಿಯೇ, ಪಿಸ್ಟನ್ ಒಂದು ಮಿಲಿಮೀಟರ್ ಇಳಿಯುವ ಮೊದಲೇ, ಕೆಲಸ ಮಾಡುವ ಸಾಮರ್ಥ್ಯದಲ್ಲಿ ಸುಮಾರು 20ರಿಂದ 25 ಪರ್ಸೆಂಟ್ ಶಾಶ್ವತವಾಗಿ ಹೋಗಿಬಿಡುತ್ತದೆ. ಮೇಲಿನ ಪಟ್ಟಿಯಲ್ಲಿ ಇದಕ್ಕೆ ಸಾಲೇ ಇಲ್ಲ ನೋಡಿ. ಯಾಕೆಂದರೆ ಶಕ್ತಿ ಎಲ್ಲೂ ಸೋರಿಲ್ಲ, ದರ್ಜೆ ಮಾತ್ರ ಇಳಿದಿದೆ. ಸುಡುವ ದಾರಿ ಆರಿಸಿಕೊಂಡ ಮೇಲೆ ಇದನ್ನು ಯಾವ ಮೆಕ್ಯಾನಿಕ್ಕೂ, ಯಾವ ಅಡಿಟಿವ್ವೂ ತಪ್ಪಿಸಲಾರದು. ನನ್ನ ಪ್ರಕಾರ ಎರಡನೇ ನಿಯಮದ ಅಸಲಿ ಸುಂಕ ಇದೇ.

ಎರಡನೇ ಮೆಟ್ಟಿಲಿಗೆ ವಿನ್ಯಾಸವೇ ಕಾರಣ. ಪೆಟ್ರೋಲ್ ಎಂಜಿನ್‌ನ ಹಿಂಡಿ, ಸುಟ್ಟು, ಹಿಗ್ಗಿಸುವ ಆದರ್ಶ ಸೈಕಲ್‌ಗೆ ದಕ್ಷತೆಯ ಸೂತ್ರ ಹೀಗಿದೆ:

```
η = 1 − r^(1−γ)
```

r ಎಂದರೆ ಕಂಪ್ರೆಷನ್ ಅನುಪಾತ, 10 ಇರಲಿ. γ ಎಂಬುದು ಒಳಗಿರುವ ಅನಿಲದ ಗುಣವನ್ನು ಹೇಳುವ ಅಂಕಿ. γಗೆ 1.4 ಹಾಕಿದರೆ 60% ಬರುತ್ತದೆ, ಪುಸ್ತಕದಲ್ಲಿರುವುದು ಇದೇ. ಆದರೆ 1.4 ತಣ್ಣನೆಯ ಗಾಳಿಯದು. ಉರಿದ ಬಿಸಿ ಅನಿಲಕ್ಕೆ 1.3 ಹತ್ತಿರ ಬರುತ್ತದೆ, ಆಗ 50%. ಉಳಿದರ್ಧ ಯಾಕೆ ಹೋಯಿತು? ಪಿಸ್ಟನ್ ಕೆಳತುದಿ ಮುಟ್ಟುವ ಹೊತ್ತಿಗೂ ಅನಿಲ ಇನ್ನೂ ಬಿಸಿಯಾಗಿದೆ, ಒತ್ತಡವೂ ಇದೆ. ಆದರೆ ಜಾಗ ಮುಗಿಯಿತು, ವಾಲ್ವ್ ತೆರೆಯಿತು, ಹೊರಗೆ ಹೋಯಿತು. ಇದು ಪ್ರಕೃತಿಯ ಕಟ್ಟಪ್ಪಣೆ ಅಲ್ಲ. ಹಿಗ್ಗಲು ಹೆಚ್ಚು ಜಾಗ ಕೊಡುವ ಅಟ್ಕಿನ್ಸನ್ ಬಗೆಯ ಎಂಜಿನ್‌ಗಳು ಇದರಲ್ಲಿ ಒಂದು ಪಾಲನ್ನು ವಾಪಸ್ ಪಡೆಯುತ್ತವೆ. 2018ರ ಹೊತ್ತಿಗೆ ಟೊಯೋಟಾದ 2.5 ಲೀಟರ್ ಹೈಬ್ರಿಡ್ ಎಂಜಿನ್ ಅತ್ಯುತ್ತಮ ಬಿಂದುವಿನಲ್ಲಿ 41% ಮುಟ್ಟಿತ್ತು.

ಮೂರನೇ ಮೆಟ್ಟಿಲು ಸಿಲಿಂಡರ್ ಗೋಡೆ. ಸಾವಿರಾರು ಡಿಗ್ರಿಯ ಅನಿಲದಿಂದ 90 ಡಿಗ್ರಿಯ ಕೂಲೆಂಟ್‌ಗೆ ಶಾಖ ಜಾರುತ್ತದೆ. ಜಾರಿದ ಮೇಲೆ ವಾಪಸ್ ಪಡೆಯಬಹುದೇ? ಇಲ್ಲಿ ಎರಡನೇ ನಿಯಮ ಖಡಾಖಂಡಿತವಾಗಿ ಉತ್ತರಿಸುತ್ತದೆ. ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಹಾಕಿ, 298 ಎಂದರೆ ಹೊರಗಿನ 25 ಡಿಗ್ರಿ, 363 ಎಂದರೆ ಕೂಲೆಂಟ್‌ನ 90 ಡಿಗ್ರಿ:

```
ಕೂಲೆಂಟ್ : 1 − 298/363 = 0.18
```

ಕೂಲೆಂಟ್‌ನ 14ರಲ್ಲಿ, ಜಗತ್ತಿನ ಅತ್ಯುತ್ತಮ ಯಂತ್ರ ಇಟ್ಟರೂ, 2.5 ಮೆಗಾಜೂಲ್ ಮೀರಿ ಕೆಲಸ ಬರುವುದಿಲ್ಲ. ನಿಜವಾದ ಯಂತ್ರದಲ್ಲಿ ಅದರ ಅರ್ಧವೂ ಕಷ್ಟ. ರೇಡಿಯೇಟರ್ ಬಿಸಿಯಿಂದ ಕರೆಂಟ್ ತೆಗೆಯುವ ವಿಡಿಯೋ ಯಾರಾದರೂ ಕಳಿಸಿದರೆ ಈ 0.18 ನೆನಪಿಸಿಕೊಳ್ಳಿ.

ಹೊಗೆಯ ಲೆಕ್ಕದಲ್ಲಿ ಒಂದು ಬಲೆ ಇದೆ. ಸುಮಾರು 800 ಕೆಲ್ವಿನ್, ಅಂದರೆ 527 ಡಿಗ್ರಿ ಇರಲಿ. ಅದೇ ಸೂತ್ರ ಹಾಕಿದರೆ 0.63 ಬರುತ್ತದೆ. ತಪ್ಪು, ಯಾಕೆಂದರೆ ಶಾಖ ತೆಗೆಯುತ್ತಾ ಹೋದ ಹಾಗೆ ಹೊಗೆ ತಣ್ಣಗಾಗುತ್ತದೆ, ಕೊನೆಯ ಜೂಲ್‌ಗಳು ಮೊದಲಿನಷ್ಟು ಬೆಲೆಬಾಳುವುದಿಲ್ಲ. ಕೂಲೆಂಟ್ ಹಾಗಲ್ಲ, ಎಂಜಿನ್ ಅದನ್ನು ಸದಾ 90ರ ಹತ್ತಿರವೇ ಇಟ್ಟಿರುತ್ತದೆ. ತಣ್ಣಗಾಗುವ ಅನಿಲಕ್ಕೆ ಸರಿಯಾದ ಸೂತ್ರ ಇದು, T0 ಎಂದರೆ ಹೊರಗಿನ ಉಷ್ಣತೆ, T1 ಎಂದರೆ ಹೊಗೆಯದು:

```
1 − T0 × ln(T1/T0) / (T1 − T0)
= 1 − 298 × ln(800/298) / 502 = 0.41
```

15ರಲ್ಲಿ ಹೆಚ್ಚೆಂದರೆ 6 ಮೆಗಾಜೂಲ್. ಟರ್ಬೋ ಇರುವ ಕಾರುಗಳು ಇದರ ಒಂದು ಪಾಲನ್ನು ಬಳಸುತ್ತವೆ.

ಇನ್ನು ಬ್ರೇಕ್. ಇದನ್ನೂ ಎರಡನೇ ನಿಯಮದ ತಲೆಗೆ ಕಟ್ಟುವವರಿದ್ದಾರೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಓಡುವ ಕಾರಿನ ಚಲನಶಕ್ತಿ ಶುದ್ಧ ಕೆಲಸದ ದರ್ಜೆಯದು, ಪೂರ್ತಿ ವಾಪಸ್ ಪಡೆಯಲು ನಿಯಮದ ಅಡ್ಡಿ ಇಲ್ಲ. ಪ್ಯಾಡ್ ಡಿಸ್ಕ್‌ಗೆ ಉಜ್ಜಿದ ಮೇಲೆ ಮಾತ್ರ ಬಾಗಿಲು ಮುಚ್ಚುತ್ತದೆ. 150 ಡಿಗ್ರಿಯ ಡಿಸ್ಕ್‌ನಲ್ಲಿರುವ ಶಾಖದಿಂದ, ಅದು ತಣ್ಣಗಾಗದೆ ಹಾಗೇ ಇದ್ದರೂ, 30 ಪರ್ಸೆಂಟ್ ಮೀರಿ ಕೆಲಸ ತೆಗೆಯಲಾಗದು. ಅದೇ ಶಕ್ತಿಯನ್ನು ಉಜ್ಜುವ ಮೊದಲೇ ಮೋಟರ್ ಮೂಲಕ ಬ್ಯಾಟರಿಗೆ ಕಳಿಸಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ನಿಂತಲ್ಲಿ ಉರಿದ 6 ಮೆಗಾಜೂಲ್‌ಗಂತೂ ಯಾವ ನಿಯಮವೂ ಹೊಣೆಯಲ್ಲ.

ಹಂತ 6: ಏನು ಮಾಡಿದರೆ ಎಷ್ಟು ಉಳಿಯುತ್ತದೆ?

ಇಲ್ಲಿ ಹೆಚ್ಚಿನವರು ಎಡವುವುದು ಹೀಗೆ: ಚಕ್ರಕ್ಕೆ 6 ಕೊಡಲು 50 ಬೇಕಾಯಿತು, ಹಾಗಾಗಿ ಚಕ್ರದಲ್ಲಿ 1 ಉಳಿಸಿದರೆ ಪೆಟ್ರೋಲ್‌ನಲ್ಲಿ 8 ಉಳಿಯುತ್ತದೆ. ಉಳಿಯುವುದಿಲ್ಲ. ಘರ್ಷಣೆ, ಉಸಿರಾಟ, ಐಡ್ಲಿಂಗ್ ಇವು ನೀವು ಬ್ರೇಕ್ ಕಡಿಮೆ ಮಾಡಿದರೂ ಹಾಗೇ ಇರುತ್ತವೆ. ಹೆಚ್ಚುವರಿ ಹೊರೆಗೆ ಎಂಜಿನ್ ಪೆಟ್ರೋಲನ್ನು ಸುಮಾರು ಮೂರಕ್ಕೆ ಒಂದರಂತೆ ಬದಲಿಸುತ್ತದೆ. ಆದ್ದರಿಂದ ಚಕ್ರದಲ್ಲೋ ಎಂಜಿನ್ ಶಾಫ್ಟ್‌ನಲ್ಲೋ ಉಳಿದದ್ದನ್ನು 3ರಿಂದ ಗುಣಿಸಿ.

ಬ್ರೇಕ್ ಅರ್ಧಕ್ಕೆ ಇಳಿಸಿದಿರಿ, ಅಂದರೆ ಮುಂದಿನ ಸಿಗ್ನಲ್ ಕೆಂಪಾಗಿದ್ದು ಕಂಡ ಕೂಡಲೇ ಕಾಲು ತೆಗೆದಿರಿ ಅನ್ನಿ. 1.35 × 3, ಸುಮಾರು 4 ಮೆಗಾಜೂಲ್, 8%. ಗೇರ್‌ನಲ್ಲೇ ಇಟ್ಟು ಕಾಲು ತೆಗೆಯಿರಿ, ಆಗ ಇಂಜೆಕ್ಟರ್‌ಗಳು ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದರೆ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ.

ಇಡೀ ದಾರಿ ಒಂದು ಗೇರ್ ಕೆಳಗೆ ಓಡಿಸಿ ಸರಾಸರಿ 2300 ಆರ್‌ಪಿಎಂ ಮಾಡಿದರೆ ಘರ್ಷಣೆ ಸುಮಾರು 2 ಮೆಗಾಜೂಲ್ ಏರುತ್ತದೆ, ಪೆಟ್ರೋಲ್ 6 ಏರುತ್ತದೆ. ಎಂಜಿನ್ ಕುಟ್ಟದಷ್ಟು ಮೇಲಿನ ಗೇರ್ ಒಳ್ಳೆಯದು.

ಸಿಗ್ನಲ್‌ಗಳಲ್ಲಿ ಅರ್ಧ ಹೊತ್ತು ಎಂಜಿನ್ ಆಫ್ ಮಾಡಿದರೆ 3 ಮೆಗಾಜೂಲ್, 6%. ಮತ್ತೆ ಸ್ಟಾರ್ಟ್ ಮಾಡಲು ತಗಲುವುದು ಸುಮಾರು ಹತ್ತು ಸೆಕೆಂಡ್ ಐಡ್ಲಿಂಗ್‌ನಷ್ಟು. ಕೌಂಟ್‌ಡೌನ್ 40ಕ್ಕಿಂತ ಮೇಲಿದ್ದರೆ ಆಫ್ ಮಾಡಿ ಅನ್ನುವುದು ನನ್ನ ಲೆಕ್ಕ.

ಟೈರ್ ಪ್ರತಿರೋಧ ಹತ್ತು ಪರ್ಸೆಂಟ್ ಏರಿದರೆ ಈ ದಾರಿಯಲ್ಲಿ ಪೆಟ್ರೋಲ್ ಏರುವುದು ಒಂದೂವರೆ ಪರ್ಸೆಂಟ್ ಅಷ್ಟೇ. ಗಾಳಿ ತುಂಬಿಸಿ, ಆದರೆ ಪವಾಡ ನಿರೀಕ್ಷಿಸಬೇಡಿ.

ಎಸಿ ಬೇರೆಯದೇ ಕತೆ. ಕಂಪ್ರೆಸರ್ ಸರಾಸರಿ 0.7 ಕಿಲೋವ್ಯಾಟ್ ಎಳೆದರೂ 65 ನಿಮಿಷಕ್ಕೆ 2.7 ಮೆಗಾಜೂಲ್, ಪೆಟ್ರೋಲ್‌ನಲ್ಲಿ 8, ಅಂದರೆ 16%. ಹೆದ್ದಾರಿಯಲ್ಲಿ ಅದೇ ಎಸಿ ಇಷ್ಟು ಕಚ್ಚುವುದಿಲ್ಲ, ಯಾಕೆಂದರೆ ಅಲ್ಲಿ 20 ಕಿಲೋಮೀಟರ್ 15 ನಿಮಿಷದಲ್ಲಿ ಮುಗಿಯುತ್ತದೆ. ಎಸಿ ಖರ್ಚು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ನಿಮಿಷದ ಲೆಕ್ಕದಲ್ಲಿ ಬರುತ್ತದೆ.

ಹೈಬ್ರಿಡ್ ಇದೇ ದಾರಿಯಲ್ಲಿ ಏನು ಮಾಡುತ್ತದೆ ಅಂತಲೂ ಈಗ ನೀವೇ ಹೇಳಬಹುದು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನಂಥ ಸ್ಟ್ರಾಂಗ್ ಹೈಬ್ರಿಡ್‌ಗಳು ನಿಂತಾಗ ಎಂಜಿನ್ ಆಫ್ ಮಾಡುತ್ತವೆ, ಬ್ರೇಕಿನ ಶಕ್ತಿಯಲ್ಲಿ ದೊಡ್ಡ ಪಾಲು ವಾಪಸ್ ಪಡೆಯುತ್ತವೆ, ಥ್ರಾಟಲ್ ಮುಚ್ಚಿಕೊಂಡು ಒದ್ದಾಡುವ ಹೊತ್ತನ್ನು ಮೋಟರ್‌ಗೆ ಬಿಟ್ಟುಕೊಡುತ್ತವೆ. ನಮ್ಮ 1000 ಕೆಜಿ ಕಾರಿಗೇ ಆ ವ್ಯವಸ್ಥೆ ಕೂರಿಸಿದರೆ 50 ಮೆಗಾಜೂಲ್ ಅರ್ಧದ ಆಸುಪಾಸಿಗೆ ಬರುತ್ತದೆ. ಆ 25ರಲ್ಲೂ ಐದು ಆರು ಮೆಗಾಜೂಲ್‌ನಷ್ಟು ಸಾಮರ್ಥ್ಯ ಮೊದಲಿನ ಹಾಗೇ ಕಿಡಿ ಹಾರಿದ ಕ್ಷಣದಲ್ಲೇ ಹೋಗುತ್ತದೆ.